ಅಣ್ಣನ ಸಂಬಳ ಕಳೆದ ಮೇಲೆ ಬೇಕರಿಯ ಬೆಲೆ ಎಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಮಂದಿಯೇ ನಡೆಸುವ ಅಂಗಡಿಗೆ ಬೆಲೆ ಕಟ್ಟುವ ಬಗ್ಗೆ ಇವತ್ತು ಮಾತಾಡುತ್ತೇನೆ. ಅಣ್ಣತಮ್ಮಂದಿರು ಪಾಲಿಗೆ ಕೂತಾಗ ಜಾಸ್ತಿ ಮನಸ್ತಾಪ ಆಗುವುದು ಇಲ್ಲೇ.

ತುಮಕೂರಿನಂಥ ಊರಲ್ಲಿ ಒಂದು ಬೇಕರಿ ಇದೆ ಅಂದುಕೊಳ್ಳಿ. ಅಪ್ಪ ಕಟ್ಟಿದ್ದು, ಕಟ್ಟಡವೂ ಸ್ವಂತದ್ದು. ಅಪ್ಪ ತೀರಿಹೋದ ಮೇಲೆ ದೊಡ್ಡ ಮಗ ನಡೆಸುತ್ತಿದ್ದಾನೆ. ಬೆಳಗಿನ ಜಾವ ಓವನ್ ಹಚ್ಚುವುದು ಅವನೇ, ರಾತ್ರಿ ಶಟರ್ ಎಳೆಯುವುದೂ ಅವನೇ. ಸಂಜೆ ಗಲ್ಲಾದಲ್ಲಿ ಅವನ ಹೆಂಡತಿ ಕೂರುತ್ತಾಳೆ. ತಮ್ಮನಿಗೆ ಬೆಂಗಳೂರಲ್ಲಿ ಕೆಲಸ. ಅವನು ತನ್ನ ಪಾಲು ಕೇಳುತ್ತಾನೆ, ಅದು ಅವನ ಹಕ್ಕು. ವರ್ಷದ ಲಾಭ 9,60,000 ರೂಪಾಯಿ. ಇಂಥ ಅಂಗಡಿಗೆ ಲಾಭದ ಮೂರು ಪಟ್ಟು ಬೆಲೆ ಅಂತ ಯಾರೋ ಹೇಳಿದ್ದಾರೆ. ಹಾಗಾದರೆ 28,80,000. ಅರ್ಧ 14,40,000 ಕೊಡು ಅನ್ನುತ್ತಾನೆ.

ಈ ಲೆಕ್ಕದಲ್ಲಿ ಅಣ್ಣನ ದುಡಿಮೆಗೆ ಒಂದು ಪೈಸೆಯನ್ನೂ ಹಿಡಿದಿಲ್ಲ. ಒಬ್ಬರೇ ಮಾಲೀಕರಾಗಿರುವ ಅಂಗಡಿಯಲ್ಲಿ ಮಾಲೀಕ ತನಗೆ ತಾನೇ ಕೊಟ್ಟುಕೊಳ್ಳುವ ಸಂಬಳವನ್ನು ಆದಾಯ ತೆರಿಗೆಯವರು ಖರ್ಚು ಅಂತ ಒಪ್ಪುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಅದು ಇರುವುದೇ ಇಲ್ಲ. ಅವನ ಕೂಲಿ, ಅಂಗಡಿಯ ನಿಜವಾದ ಗಳಿಕೆ ಎರಡೂ ‘ಲಾಭ’ ಅನ್ನುವ ಒಂದೇ ಸಾಲಲ್ಲಿ ಸೇರಿಹೋಗಿರುತ್ತವೆ. ಕೂಲಿ ದುಡಿದವರದ್ದು. ಪಾಲು ಮಾಡಬೇಕಾದದ್ದು ಉಳಿದದ್ದನ್ನು ಮಾತ್ರ.

ಬಿಡಿಸಿ ನೋಡೋಣ. ನಾಳೆ ಅಣ್ಣ ಬರುವುದಿಲ್ಲ ಅಂದರೆ ಅಷ್ಟೂ ಕೆಲಸಕ್ಕೆ ಆಳಿಟ್ಟುಕೊಳ್ಳಲು ಎಷ್ಟು ಬೇಕು? ಊರಿನ ಬೇರೆ ಬೇಕರಿಗಳಲ್ಲಿ ಮಾಸ್ಟರ್‌ಗೆ ಏನು ಕೊಡುತ್ತಾರೆ ಅಂತ ವಿಚಾರಿಸಬೇಕು. ಇಲ್ಲಿ ತಿಂಗಳಿಗೆ 35,000 ಅಂತ ಇಟ್ಟುಕೊಳ್ಳೋಣ, ವರ್ಷಕ್ಕೆ 4,20,000. ಸಂಜೆ ಗಲ್ಲಾಕ್ಕೆ 8,000, ಅಂದರೆ ವರ್ಷಕ್ಕೆ 96,000. ಅತ್ತಿಗೆಯ ದುಡಿಮೆಯನ್ನು ಮರೆತುಬಿಡುವವರೇ ಜಾಸ್ತಿ, ಅದು ಅನ್ಯಾಯ. ಕಟ್ಟಡ ಸ್ವಂತದ್ದಾದರೂ ಆ ಬೀದಿಯ ಬಾಡಿಗೆ ಹಿಡಿಯಬೇಕು. 15,000ದಂತೆ 1,80,000. ಕಟ್ಟಡದ ಬೆಲೆಯನ್ನು ಬೇರೆಯಾಗಿ ಕಟ್ಟಿ ಹಂಚಿಕೊಳ್ಳುತ್ತಾರೆ. ಇಲ್ಲಿ ಬಾಡಿಗೆ ಕಳೆಯದಿದ್ದರೆ ಅದನ್ನೇ ಎರಡು ಸಲ ಹಂಚಿದಂತಾಗುತ್ತದೆ.

ಮೂರೂ ಸೇರಿ 6,96,000. ಕಳೆದರೆ ಉಳಿಯುವುದು 2,64,000. ಇನ್ನು ಅಣ್ಣನ ಮನೆಯ ಪೆಟ್ರೋಲು, ಫೋನು ಅಂತ 36,000 ಅಂಗಡಿ ಖರ್ಚಿಗೆ ಬರೆದಿದ್ದರೆ ಅದನ್ನು ವಾಪಸ್ ಕೂಡಿಸಬೇಕು. ಅದು ತಮ್ಮನಿಗೆ ಸಲ್ಲುವ ನ್ಯಾಯ. ಈಗ ಗಳಿಕೆ 3,00,000. ಮೂರು ಪಟ್ಟು 9,00,000. ಸಾಲ ಇಲ್ಲದಿದ್ದರೆ ತಮ್ಮನ ಪಾಲು ನಾಲ್ಕೂವರೆ ಲಕ್ಷ.

ಮೂರೇ ಪಟ್ಟು ಯಾಕೆ? ಹಾಕಿದ ದುಡ್ಡು ಮೂರು ವರ್ಷಕ್ಕೆ ವಾಪಸ್ ಬರಬೇಕು ಅಂತ ಅದರರ್ಥ. ಬ್ಯಾಂಕಿನ ಠೇವಣಿಯಲ್ಲಿ ಬಡ್ಡಿಯಿಂದಲೇ ಅಸಲಿನಷ್ಟು ಬರಲು ಹತ್ತು ವರ್ಷಕ್ಕೂ ಮೇಲೆ ಬೇಕಾಗಬಹುದು, ಆದರೆ ಅಲ್ಲಿ ದುಡ್ಡು ಭದ್ರ. ಬೇಕರಿ ಹಾಗಲ್ಲ. ಗಿರಾಕಿಗಳು ಬರುವುದು ಅಣ್ಣನ ಮುಖ ನೋಡಿ, ಅವನ ಕೈರುಚಿಗೆ. ಅವನಿಲ್ಲದೆಯೂ ವ್ಯಾಪಾರ ನಡೆಯುತ್ತದೆ ಅನ್ನಿಸಿದರೆ ಪಟ್ಟು ಏರಿಸಬಹುದು. ಪೂರ್ತಿ ಅವನ ಮೇಲೇ ನಿಂತಿದ್ದರೆ ಎರಡಕ್ಕೆ ಇಳಿಸಬೇಕು.

ಜನ ಜಗಳ ಆಡುವುದು ಮೂರೋ ನಾಲ್ಕೋ ಅನ್ನುವುದರ ಮೇಲೆ. ನನ್ನ ಪ್ರಕಾರ ಸಂಬಳದ ಅಂಕಿಯ ಮೇಲೆ ಹೆಚ್ಚು ಹೊತ್ತು ಕೂರಬೇಕು. ಪಟ್ಟು ಮೂರರಿಂದ ನಾಲ್ಕಾದರೆ ಬೆಲೆ ಮೂರು ಲಕ್ಷ ಏರುತ್ತದೆ. ಮಾಸ್ಟರ್ ಸಂಬಳ ತಿಂಗಳಿಗೆ ಹತ್ತು ಸಾವಿರ ಹೆಚ್ಚಾದರೆ ಸಾಕು, ಮೂರು ಪಟ್ಟಿನ ಲೆಕ್ಕದಲ್ಲೇ ಬೆಲೆ 3,60,000 ಇಳಿಯುತ್ತದೆ. ಅದೂ ಅಲ್ಲದೆ, ವಾರದ ರಜೆ ಇಲ್ಲದೆ ದಿನವಿಡೀ ದುಡಿಯುವವನ ಜಾಗಕ್ಕೆ ಒಬ್ಬ ಆಳು ಸಾಕಾಗುತ್ತಾನಾ ಅಂತಲೂ ಕೇಳಿಕೊಳ್ಳಬೇಕು.

ಇನ್ನೊಂದು ಎಚ್ಚರ. ವಹಿವಾಟಿನ ಶೇಕಡಾ 8 ಅಥವಾ 6ರಷ್ಟು ಲಾಭ ತೋರಿಸಿ ತೆರಿಗೆ ಕಟ್ಟುವ ಪದ್ಧತಿ ಇದೆಯಲ್ಲ, ಆ ರಿಟರ್ನ್‌ನಲ್ಲಿರುವ ಲಾಭ ಬರೀ ಅಂದಾಜು. ಅದನ್ನು ಮೂರು ಪಟ್ಟು ಮಾಡಬೇಡಿ. ಮೂರು ವರ್ಷದ ಮೈದಾ, ಸಕ್ಕರೆ, ಬೆಣ್ಣೆಯ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಜಿಎಸ್‌ಟಿ ಲೆಕ್ಕ ಎದುರಿಗಿಟ್ಟುಕೊಂಡು ನಿಜವಾದ ಲಾಭ ತೆಗೆಯಿರಿ. ಮೈದಾ ಖರೀದಿಗೂ ಮಾರಾಟಕ್ಕೂ ತಾಳೆ ಆಗದಿದ್ದರೆ ಯಾವುದೋ ಒಂದು ಅಂಕಿ ತಪ್ಪಿದೆ.

ಎಲ್ಲ ಕಳೆದ ಮೇಲೆ ಏನೂ ಉಳಿಯದ ಅಂಗಡಿಗಳೂ ಇವೆ. ಅಲ್ಲಿ ಪಟ್ಟಿನ ಮಾತೇ ಬರುವುದಿಲ್ಲ. ಓವನ್ನು, ಮಿಕ್ಸರ್ರು, ಗಾಜಿನ ಶೋಕೇಸು ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಹೋಗುತ್ತವೋ ಅಷ್ಟು, ಅದರ ಜೊತೆಗೆ ಇರುವ ಸರಕಿನ ಬೆಲೆ. ಅದನ್ನು ಅಣ್ಣತಮ್ಮ ಇಬ್ಬರೂ ಸರಿಯಾಗಿ ಹಂಚಿಕೊಳ್ಳಬಹುದು. ನಮಸ್ಕಾರ.