ಅಂಚು ಕುದಿ, ನಡು ತಣ್ಣಗೆ

ಕೇಳುಗರಿಗೆ ನಮಸ್ಕಾರ.

ಕಳೆದ ತಿಂಗಳು ಒಂದು ದಿನ ಮನೆ ಸೇರುವಾಗ ರಾತ್ರಿ ಹತ್ತು ದಾಟಿತ್ತು. ಫ್ರಿಜ್ಜಿನಲ್ಲಿ ಹಿಂದಿನ ದಿನದ ಬಿಸಿಬೇಳೆಬಾತ್ ಒಂದು ಬಟ್ಟಲಿನಷ್ಟು ಇತ್ತು. ಮೈಕ್ರೋವೇವಿನಲ್ಲಿಟ್ಟು ಎರಡು ನಿಮಿಷ ಒತ್ತಿದೆ. ಹೊರಗೆ ತೆಗೆಯುವಾಗ ಬಟ್ಟಲಿನ ಅಂಚು ಬೆರಳನ್ನು ಚುರ್ ಅನ್ನಿಸಿತು. ಬದಿಯಲ್ಲಿ ತುಪ್ಪ ಕೊತಕೊತ ಕುದಿಯುತ್ತಿತ್ತು. ನಡುವಿನಿಂದ ಒಂದು ತುತ್ತು ಬಾಯಿಗಿಟ್ಟೆ. ಮಂಜಿನಂತೆ ತಣ್ಣಗೆ! ನಮ್ಮ ಅತ್ತೆ ಅಲ್ಲೇ ಕೂತಿದ್ದರು. "ಅದೇನೋ ಒಳಗಿನಿಂದ ಬೇಯಿಸೋ ಪೆಟ್ಟಿಗೆ ಅಂತಿದ್ದೆ ಕಣಮ್ಮ, ಒಳಗೇ ಬೆಂದಿಲ್ಲವಲ್ಲ" ಅಂದರು.

ಒಳಗಿನಿಂದ ಬೇಯಿಸುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಅದು ತಪ್ಪು. ಮೈಕ್ರೋವೇವ್ ಅಲೆಗಳು ಆಹಾರದ ಹೊರಮೈಯಿಂದಲೇ ಒಳಗೆ ಹೋಗಬೇಕು. ಹೋಗುತ್ತಾ ಹೋಗುತ್ತಾ ಆಹಾರದಲ್ಲಿರುವ ನೀರು ಅವುಗಳನ್ನು ಹೀರುತ್ತದೆ. ಒಂದೆರಡು ಸೆಂಟಿಮೀಟರ್ ಆಳಕ್ಕಿಳಿಯುವಷ್ಟರಲ್ಲಿ ಅವುಗಳ ಬಲ ಬಹುಪಾಲು ಮುಗಿದಿರುತ್ತದೆ. ಬೆಂಕಿಗಿಂತ ಸ್ವಲ್ಪ ಆಳಕ್ಕೆ ನೇರವಾಗಿ ತಲುಪುತ್ತವೆ, ಅಷ್ಟೇ. ಹತ್ತು ಸೆಂಟಿಮೀಟರ್ ಅಗಲದ ಬಾತಿನ ಗುಡ್ಡೆಯ ನಡುಭಾಗಕ್ಕೆ ಅವು ಮುಟ್ಟುವುದೇ ಇಲ್ಲ. ಚೌಕದ ಡಬ್ಬಿಯಾದರೆ ಮೂಲೆಗಳಿಗೆ ಎರಡು ಮೂರು ಕಡೆಯಿಂದ ಅಲೆ ಬೀಳುತ್ತದೆ. ಹಾಗಾಗಿ ಮೂಲೆಗಳು ಮೊದಲು ಒಣಗುತ್ತವೆ. ದುಂಡು ಬಟ್ಟಲು ಇದಕ್ಕಿಂತ ವಾಸಿ.

ಇನ್ನೊಂದು ತೊಂದರೆ ಪೆಟ್ಟಿಗೆಯದೇ. ಈಗ ನನ್ನ ಮಾತನ್ನು ಎಫ್‌ಎಂನಲ್ಲಿ ಕೇಳುತ್ತಿದ್ದರೆ, ಅದನ್ನು ಹೊತ್ತು ತಂದ ಅಲೆಯ ಉದ್ದ ಸುಮಾರು 3 ಮೀಟರ್. ಓವನ್ನಿನ ಅಲೆಯೂ ಇದೇ ಕುಟುಂಬದ್ದು. ಆದರೆ ಅದರ ಉದ್ದ 12 ಸೆಂಟಿಮೀಟರ್ ಚಿಲ್ಲರೆ. ಆ ಅಲೆಗಳು ಲೋಹದ ಗೋಡೆಗೆ ಬಡಿದು ವಾಪಸ್ ಬರುತ್ತವೆ. ಹೋಗುವ ಅಲೆ, ಬರುವ ಅಲೆ ಒಂದರ ಮೇಲೊಂದು ಬೀಳುತ್ತವೆ. ಒಂದು ಹಗ್ಗದ ತುದಿಯನ್ನು ಕಿಟಕಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಜೋರಾಗಿ ಆಡಿಸಿ ನೋಡಿ. ಹಗ್ಗ ಕೆಲವು ಕಡೆ ಎದ್ದು ಬಿದ್ದು ಮಾಡುತ್ತದೆ, ಕೆಲವು ಕಡೆ ನಿಂತಲ್ಲೇ ನಿಂತಿರುತ್ತದೆ. ಓವನ್ನಿನೊಳಗೂ ಹೀಗೆಯೇ. ಕೆಲವು ಜಾಗಗಳಲ್ಲಿ ಬಿಸಿ ಜೋರು, ಕೆಲವು ಜಾಗಗಳಲ್ಲಿ ಏನೂ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಹಪ್ಪಳ ಸಾಕು. ನಾನೂ ನನ್ನ ಅಕ್ಕನ ಮಗಳೂ ಒಂದು ಭಾನುವಾರ ಮಾಡಿದೆವು. ಓವನ್ನಿನ ಗಾಜಿನ ತಟ್ಟೆಯನ್ನೂ ಅದರ ಕೆಳಗಿನ ಚಕ್ರದ ಬಳೆಯನ್ನೂ ತೆಗೆದೆವು. ತಿರುಗಿಸುವ ಗೂಟಕ್ಕೆ ತಾಗದ ಹಾಗೆ ಒಂದು ಪಿಂಗಾಣಿ ತಟ್ಟೆಯನ್ನು ಬೋರಲು ಹಾಕಿ, ಅದರ ತುಂಬ ಚಿಕ್ಕ ಉದ್ದಿನ ಹಪ್ಪಳಗಳನ್ನು ಜೋಡಿಸಿದೆವು. ಅರ್ಧ ನಿಮಿಷ ಬಿಟ್ಟೆವು. ಹೆಚ್ಚೂಕಮ್ಮಿ ಖಾಲಿ ಓವನ್ನನ್ನು ಅದಕ್ಕಿಂತ ಜಾಸ್ತಿ ಓಡಿಸಬಾರದು, ಯಂತ್ರಕ್ಕೆ ಪೆಟ್ಟು. ತೆಗೆದು ನೋಡಿದರೆ ಕೆಲವು ಹಪ್ಪಳ ಬೆಳ್ಳಗೆ ಉಬ್ಬಿ ಸುಡಲು ಶುರುವಾಗಿದ್ದವು. ಪಕ್ಕದಲ್ಲೇ ಇದ್ದವು ಹಸಿಹಸಿ. ಒಂದೇ ಹಪ್ಪಳದ ಅರ್ಧ ಅರಳಿ, ಇನ್ನರ್ಧ ಹಾಗೇ ಉಳಿದದ್ದೂ ಇತ್ತು. ಅರಳಿದ ಒಂದು ಕಲೆಗೂ ಇನ್ನೊಂದಕ್ಕೂ ನಡುವೆ ಸುಮಾರು ನಾಲ್ಕು ಬೆರಳಿನಷ್ಟು ದೂರ. ಅಲೆಯ ಅರ್ಧ ಉದ್ದ, ಅಂದರೆ 6 ಸೆಂಟಿಮೀಟರಿನ ಆಸುಪಾಸು.

ಆಮೇಲೆ ಗಾಜಿನ ತಟ್ಟೆಯನ್ನು ಮೊದಲಿನಂತೆ ಕೂರಿಸಿ, ಬೇರೆ ಹಪ್ಪಳ ಹಾಕಿ ತಿರುಗಲು ಬಿಟ್ಟೆವು. ಈ ಸಲ ಕಲೆಗಳು ಹೋಗಿ ಬಳೆಗಳಾಗಿದ್ದವು. ಹೊರಗೆ ಅರಳಿದ ಒಂದು ಸುತ್ತು, ಅದರ ಒಳಗೆ ಅರೆಬೆಂದ ಒಂದು ಸುತ್ತು, ನಟ್ಟನಡುವಿನ ಹಪ್ಪಳ ಹಸಿ. ತಿರುಗುವ ತಟ್ಟೆಯ ಕೆಲಸ ಎಷ್ಟು ಅಂತ ನನಗೆ ಗೊತ್ತಾದದ್ದು ಆವತ್ತೇ. ಅದು ಆಹಾರವನ್ನು ಬಿಸಿ ಜಾಗ, ತಣ್ಣನೆ ಜಾಗ ಎರಡರ ಮೂಲಕವೂ ಹಾಯಿಸುತ್ತದೆ. ಆದರೆ ಸುತ್ತಲೂ ಮಾತ್ರ. ಅಂಚಿನಲ್ಲಿರುವುದು ಅಂಚಿನಲ್ಲೇ ಸುತ್ತುತ್ತದೆ. ನಡುವಿನಲ್ಲಿರುವುದು ಜಾಗ ಬಿಟ್ಟು ಕದಲುವುದೇ ಇಲ್ಲ. ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ತರುವ ಶಕ್ತಿಯಂತೂ ಅದಕ್ಕಿಲ್ಲ.

ಹಾಗಾಗಿ ಚಿಕ್ಕ ಬಟ್ಟಲಾದರೆ ತಟ್ಟೆಯ ನಟ್ಟನಡುವೆ ಇಡಬೇಡಿ, ಸ್ವಲ್ಪ ಬದಿಗಿಡಿ. ನಾಲ್ಕು ಇಡ್ಲಿ ಇದ್ದರೆ ಉಂಗುರದ ಹಾಗೆ ಜೋಡಿಸಿ, ನಡುವೆ ಖಾಲಿ ಬಿಡಿ. ತಟ್ಟೆ ನಿಜವಾಗಿ ತಿರುಗುತ್ತಿದೆಯೇ ಅಂತಲೂ ಒಮ್ಮೆ ನೋಡಿ. ನಮ್ಮ ಮನೆಯಲ್ಲಿ ಒಂದು ಉದ್ದನೆಯ ಡಬ್ಬಿಯ ಮೂಲೆ ಓವನ್ನಿನ ಗೋಡೆಗೆ ತಾಗಿ ನಿಂತುಬಿಡುತ್ತಿತ್ತು. ಕೆಳಗಿನ ತಟ್ಟೆ ಸುಮ್ನೆ ಜಾರುತ್ತಿತ್ತು. ತಿಂಗಳುಗಟ್ಟಲೆ ನಾನದನ್ನು ಗಮನಿಸಿರಲಿಲ್ಲ. ಕೆಲವು ಓವನ್ನುಗಳಲ್ಲಿ ತಿರುಗುವ ತಟ್ಟೆಯೇ ಇರುವುದಿಲ್ಲ, ತಳದ ಕೆಳಗೆ ಅಲೆಗಳನ್ನೇ ಚದುರಿಸುವ ಭಾಗ ಇರುತ್ತದೆ. ಅಲ್ಲಿ ಬಟ್ಟಲನ್ನು ನಡುವೆ ಇಟ್ಟರೆ ಸರಿ.

ಈಗ ಆ ಬಿಸಿಬೇಳೆಬಾತಿಗೆ ವಾಪಸ್ ಬರೋಣ. ಸುಮಾರು 300 ಗ್ರಾಂ. ಫ್ರಿಜ್ಜಿನಿಂದ ತೆಗೆದಾಗ 5 ಡಿಗ್ರಿ ಅಂತಿಟ್ಟುಕೊಳ್ಳಿ. ತಂಗಳನ್ನು ಎಷ್ಟು ಬಿಸಿ ಮಾಡಬೇಕು ಅನ್ನುವುದಕ್ಕೆ ಅಮೆರಿಕದ ಕೃಷಿ ಇಲಾಖೆ ಹೇಳುವ ಅಳತೆ 74 ಡಿಗ್ರಿ ಸೆಲ್ಸಿಯಸ್, ಅದೂ ನಡುಭಾಗ ಸೇರಿದಂತೆ ಎಲ್ಲ ಕಡೆ. ಬ್ರಿಟನ್ನಿನವರು 70 ಡಿಗ್ರಿಯಲ್ಲಿ 2 ನಿಮಿಷ ಇರಲಿ ಅನ್ನುತ್ತಾರೆ. ಎರಡರ ಉದ್ದೇಶವೂ ಒಂದೇ, ಬ್ಯಾಕ್ಟೀರಿಯಾ ಸಾಯಬೇಕು. ನಮ್ಮ ಓವನ್ 800 ವಾಟಿನದು. ಲೆಕ್ಕ ಹಾಕಿದರೆ ಇಷ್ಟು ಬಾತು 75 ಡಿಗ್ರಿಗೆ ಏರಲು ಒಂದೂವರೆ ನಿಮಿಷದ ಶಾಖ ಸಾಕು. ನಾನು ಎರಡು ನಿಮಿಷ ಕೊಟ್ಟಿದ್ದೆ! ಸ್ವಲ್ಪ ಶಾಖ ಬಟ್ಟಲಿಗೆ, ಹಬೆಗೆ ಹೋಗಿರಬಹುದು. ಉಳಿದದ್ದರಲ್ಲಿ ಬಹುಪಾಲು ಅಂಚಿಗೇ ಹೋಗಿ ಅಲ್ಲೇ ಕುದಿಯಿತು. ಇಲ್ಲಿ ಕೈಕೊಟ್ಟದ್ದು ಹಂಚಿಕೆ.

ಅದೇ ಬಾತನ್ನು ಈಗ ಹೀಗೆ ಬಿಸಿ ಮಾಡುತ್ತೇನೆ. ಸ್ಟೀಲಿನ ಡಬ್ಬಿಯಿಂದ ಅಗಲವಾದ ಗಾಜಿನ ಬಟ್ಟಲಿಗೆ ಹಾಕಿ, ಗಟ್ಟಿಯಾದ ಉಂಡೆಗಳನ್ನು ಚಮಚದಲ್ಲಿ ಒಡೆಯುತ್ತೇನೆ. ಎರಡು ಮೂರು ಚಮಚ ನೀರು ಹಾಕುತ್ತೇನೆ. ಹರಡಿ, ನಡುವೆ ಒಂದು ಗುಳಿ ಮಾಡುತ್ತೇನೆ, ಮುದ್ದೆಗೆ ಸಾರು ಬಿಟ್ಟುಕೊಳ್ಳಲು ಮಾಡುತ್ತೇವಲ್ಲ, ಹಾಗೆ. ಹಬೆ ಹೋಗಲು ಒಂದು ಕಡೆ ಸಂದು ಬಿಟ್ಟು ತಟ್ಟೆ ಮುಚ್ಚುತ್ತೇನೆ. ಒಂದೂವರೆ ನಿಮಿಷ ಆದಮೇಲೆ ತೆಗೆದು ಕಲಕುತ್ತೇನೆ. ಸುಮ್ಮನೆ ಸುತ್ತ ತಿರುಗಿಸಿದರೆ ಆಗಲಿಲ್ಲ, ಆ ಕೆಲಸವನ್ನು ತಟ್ಟೆಯೇ ಮಾಡಿದೆ. ಅಂಚಿನದನ್ನು ನಡುವಿಗೆ ಎಳೆಯಬೇಕು, ತಳದ್ದನ್ನು ಮೇಲಕ್ಕೆ ತರಬೇಕು. ಮತ್ತೆ ಮುಚ್ಚಿ ಒಂದು ನಿಮಿಷ. ಆಮೇಲೆ ಮುಚ್ಚಳ ತೆಗೆಯದೆ ಎರಡು ನಿಮಿಷ ಹಾಗೇ ಬಿಡುತ್ತೇನೆ.

ಈ ಕೊನೆಯ ಎರಡು ನಿಮಿಷ ಯಾರಿಗೂ ಬೇಡ. ಟಿಂಗ್ ಅಂದ ತಕ್ಷಣ ಬಾಗಿಲು ತೆಗೆಯುತ್ತೇವೆ. ಓವನ್ ನಿಂತ ಮೇಲೂ ಬಿಸಿ ಚೂರುಗಳಿಂದ ತಣ್ಣನೆ ಚೂರುಗಳಿಗೆ ಶಾಖ ಹರಿಯುತ್ತಿರುತ್ತದೆ. ಬ್ಯಾಕ್ಟೀರಿಯಾ ಸಾಯುವುದಕ್ಕೂ ಒಂದಿಷ್ಟು ಹೊತ್ತು ಬೇಕು. ಆದರೆ ಇದರ ಮಿತಿಯೂ ಗೊತ್ತಿರಲಿ. ಅನ್ನ, ಬೇಳೆಯ ಒಳಗೆ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಎರಡು ನಿಮಿಷದಲ್ಲಿ ಹೆಚ್ಚೆಂದರೆ ಅರ್ಧ ಸೆಂಟಿಮೀಟರ್. ಎರಡರಷ್ಟು ದೂರ ಹೋಗಲು ನಾಲ್ಕರಷ್ಟು ಹೊತ್ತು ಬೇಕು. ಹಾಗಾಗಿ ಕಲಕದೆ ಬರೀ ಬಿಟ್ಟರೆ ಮುಷ್ಟಿಗಾತ್ರದ ತಣ್ಣನೆ ಉಂಡೆ ಬಿಸಿಯಾಗುವ ಹೊತ್ತಿಗೆ ಉಳಿದದ್ದೆಲ್ಲ ಆರಿರುತ್ತದೆ. ಕಲಕಿ ಬಿಟ್ಟರೆ, ಕಾಳಿನಷ್ಟು ದೂರ ಹೋದರೆ ಸಾಕು. ಲಸಾನ್ಯದಂಥ, ಪಲಾವಿನ ಗಟ್ಟಿ ಅಚ್ಚಿನಂಥ ಕಲಕಲಾಗದ್ದಕ್ಕೆ ಪವರ್ ಅರ್ಧಕ್ಕಿಳಿಸಿ, ಹೊತ್ತು ಜಾಸ್ತಿ ಕೊಡಿ. ಪವರ್ ಇಳಿಸಿದಾಗ ಬಹಳಷ್ಟು ಓವನ್ನುಗಳು ಗುಂಯ್ ಅಂದು ನಿಲ್ಲುತ್ತವೆ, ಮತ್ತೆ ಗುಂಯ್ ಅನ್ನುತ್ತವೆ. ಕಿವಿಗೊಟ್ಟು ಕೇಳಿ. ಆ ಮೌನದಲ್ಲೆಲ್ಲ ಶಾಖ ಒಳಕ್ಕೆ ಇಳಿಯುತ್ತಿರುತ್ತದೆ.

ಬಿಸಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಮೇಲೆ ಹಬೆ ಬಂತು ಅಂದರೆ ಅಂಚು ಬಿಸಿಯಾಯಿತು ಅಂತ ಮಾತ್ರ. ಬಟ್ಟಲಿನ ತಳದ ನಡುಭಾಗವನ್ನು ಮೆಲ್ಲಗೆ ಮುಟ್ಟಿ. ಅದು ತಣ್ಣಗಿದ್ದರೆ ನಡುವೂ ತಣ್ಣಗೇ ಇದೆ. ಚಮಚವನ್ನು ಮೂರು ನಾಲ್ಕು ಕಡೆ ಆಳಕ್ಕಿಳಿಸಿ ನೋಡಿ, ಎಲ್ಲ ಕಡೆಯಿಂದಲೂ ಹಬೆ ಏಳಬೇಕು. 74 ಡಿಗ್ರಿಯನ್ನು ಬೆರಳಿನಿಂದ ಅಳೆಯಲಾಗದು. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಮನೆಯಲ್ಲಿ ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಕೊಂಡುಬಿಡಿ ಅನ್ನುತ್ತೇನೆ.

ಎಷ್ಟು ಚೆನ್ನಾಗಿ ಬಿಸಿ ಮಾಡಿದರೂ ಸರಿಹೋಗದ ಒಂದು ವಿಷಯ ಇದೆ, ಅನ್ನದ್ದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಪಾತ್ರೆಯಲ್ಲಿ ಅನ್ನ ರಾತ್ರಿಯಿಡೀ ಉಗುರುಬೆಚ್ಚಗೆ ಕೂತಿದ್ದರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಕುದಿಸಿದರೂ ಹೋಗದು. ಬೆಳಿಗ್ಗೆ ಚಿತ್ರಾನ್ನಕ್ಕಿರಲಿ ಅಂತ ಅನ್ನ ಉಳಿಸುವುದಾದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಬೇಸಿಗೆಯ ಅಡುಗೆಮನೆಯಾದರೆ ಒಂದೇ ಗಂಟೆ. ದೊಡ್ಡ ಪಾತ್ರೆಯಲ್ಲೇ ಇಟ್ಟರೆ ನಡು ಆರುವುದಿಲ್ಲ, ಅಗಲ ಡಬ್ಬಿಯಲ್ಲಿ ತೆಳುವಾಗಿ ಹರಡಿ. ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ. ಬಿಸಿ ಮಾಡಿ ಉಳಿದದ್ದನ್ನು ಮತ್ತೆ ಫ್ರಿಜ್ಜಿಗೆ ಸೇರಿಸಬೇಡಿ.

ಇಷ್ಟು ಹೊತ್ತು ಅಂಚು ಬಿಸಿ, ನಡು ತಣ್ಣಗೆ ಅಂದೆ. ಹೋಳಿಗೆಯದು ಮಾತ್ರ ತಿರುಗುಮುರುಗು. ಅದು ತೆಳು, ಅಲೆ ಸಲೀಸಾಗಿ ಹೂರಣ ಮುಟ್ಟುತ್ತದೆ. ಹೊರಗಿನ ಕಣಕ ಒಣಗಿರುತ್ತದೆ, ಅಷ್ಟಾಗಿ ಹೀರುವುದಿಲ್ಲ. ಬೆಲ್ಲದ ಹೂರಣ ಹೀರಿಕೊಂಡು ಸರ್ರನೆ ಬಿಸಿ ಏರುತ್ತದೆ. ಕೈಗೆ ಬೆಚ್ಚಗೆ ಅನ್ನಿಸುತ್ತದೆ, ನಾಲಿಗೆ ಸುಟ್ಟುಹೋಗುತ್ತದೆ. ಕಳೆದ ಯುಗಾದಿಯ ಮರುದಿನ ಅತ್ತೆಗೆ ಹಾಗೇ ಆಯಿತು. ಈಗ ಹೋಳಿಗೆಗೆ 15 ಸೆಕೆಂಡು ಒತ್ತಿ, ತೆಗೆದು ಎರಡಾಗಿ ಮುರಿದು, ತುಪ್ಪದ ಗಿಂಡಿ ಹುಡುಕುವಷ್ಟು ಹೊತ್ತು ತಟ್ಟೆಯಲ್ಲೇ ಬಿಡುತ್ತಾರೆ.

ನಮಸ್ಕಾರ.