ಎಂ 150 ಅಂದ್ರೆ ನೂರೈವತ್ತು ಏನು?

ನಮಸ್ಕಾರ. ಇವತ್ತು ಒಂದು ಹಳೇ ಡ್ರಾಯಿಂಗ್ ಕಥೆ. ಕಾರವಾರದ ಕೋಡಿಬಾಗದಲ್ಲಿ ಒಂದು ಮನೆ, ಮೇಲೆ ಇನ್ನೊಂದು ಮಹಡಿ ಏರಿಸಬೇಕು ಅಂತ ಮಾಲೀಕರ ಆಸೆ. ಟ್ರಂಕಿನಿಂದ 1972ರ ನೀಲಿ ನಕ್ಷೆ ತೆಗೆದುಕೊಟ್ಟರು. ಮಡಿಕೆಯ ಜಾಗದಲ್ಲೆಲ್ಲ ಹರಿದಿತ್ತು. ಮೂಲೆಯಲ್ಲಿ ಒಂದು ಸಾಲು: ಕಾಂಕ್ರೀಟ್ ಎಂ 150.

ನಮ್ಮ ಹುಡುಗ ಅದನ್ನು ಹಾಗೇ ಸಾಫ್ಟ್‌ವೇರಿಗೆ ಹಾಕಿದ. 150. ಪಿಲ್ಲರ್‌ಗಳೆಲ್ಲ ಪಾಸ್! ಇನ್ನು ನಾಲ್ಕು ಮಹಡಿ ಬೇಕಾದರೂ ಏರಿಸಬಹುದು ಅನ್ನುವ ಹಾಗಿತ್ತು.

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕಾಂಕ್ರೀಟಿಗೆ ನಮ್ಮ ದೇಶದ ಕೋಡ್ ಐಎಸ್ 456. ಅದರ 1964ರ ಆವೃತ್ತಿಯಲ್ಲಿ ಗ್ರೇಡ್, ಅಂದರೆ ಕಾಂಕ್ರೀಟಿನ ಬಲ, ಬರೆಯುತ್ತಿದ್ದದ್ದೇ ಚದರ ಸೆಂಟಿಮೀಟರಿಗೆ ಎಷ್ಟು ಕೆಜಿ ಅಂತ. 1978ರಲ್ಲಿ ಅದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಅಂತ, ಅಂದರೆ ಮೆಗಾಪಾಸ್ಕಲ್‌ಗೆ, ಬದಲಾಯಿತು. ಸಾಫ್ಟ್‌ವೇರ್ ಕೇಳುವುದೂ ಅದನ್ನೇ. ಎಂ ಅಕ್ಷರ ಮಾತ್ರ ಹಾಗೇ ಉಳಿಯಿತು. ಅವನು ಹುಟ್ಟಿದ್ದೇ ಅದಾಗಿ ಎಷ್ಟೋ ವರ್ಷಕ್ಕೆ.

ಲೆಕ್ಕ ಸುಲಭ. ಒಂದು ಕೆಜಿ ಪರ್ ಚದರ ಸೆಂಟಿಮೀಟರ್ ಅಂದರೆ 0.0981 ಮೆಗಾಪಾಸ್ಕಲ್. 150ಕ್ಕೆ 14.7. ಸುಮ್ನೆ ಒಂದು ಸೊನ್ನೆ ತೆಗೆದು 15 ಅಂದರೂ ತಪ್ಪುವುದು ನೂರಕ್ಕೆ ಎರಡು ಮಾತ್ರ. ಆ ಎರಡಕ್ಕೆ ಜಗಳ ಮಾಡುವವರನ್ನು ನೋಡಿದ್ದೇನೆ, ನನಗಂತೂ ಅದು ದಂಡ ಅನ್ನಿಸುತ್ತದೆ. ಸೈಟಿನಲ್ಲಿ ನೀರು ಒಂದು ಬಕೆಟ್ ಜಾಸ್ತಿ ಬಿದ್ದರೆ ಅದಕ್ಕಿಂತ ದೊಡ್ಡ ನಷ್ಟ. ಭಯಪಡಬೇಕಾದದ್ದು ಹತ್ತು ಪಟ್ಟಿನ ತಪ್ಪಿಗೆ.

ಅಲ್ಲಿನ ಪಿಲ್ಲರ್ 230 ಮಿಲಿಮೀಟರ್ ಚೌಕ. ಕಂಬಿಯನ್ನು ಬಿಟ್ಟು ಬರೀ ಕಾಂಕ್ರೀಟ್ ಹೊರುವ ಪಾಲು 0.4 ಗುಣಿಸು ಗ್ರೇಡ್ ಗುಣಿಸು ವಿಸ್ತೀರ್ಣ. 14.7 ಹಾಕಿದರೆ ಸುಮಾರು 311 ಕಿಲೋನ್ಯೂಟನ್, ಅಂದಾಜು 32 ಟನ್. 150 ಹಾಕಿದರೆ 320 ಟನ್ ದಾಟುತ್ತದೆ. ಮನೆಯ ಪಿಲ್ಲರಿಗೆ!

ಇದನ್ನು ಹಿಡಿಯಲು ಒಂದು ಉಪಾಯ ಇದೆ. ರಿಪೋರ್ಟಿನಲ್ಲಿ ಕಾಂಕ್ರೀಟಿನ ಇ ಮೌಲ್ಯ ನೋಡಿ, ಅದು ಎಷ್ಟು ಬಿಗಿ ಅಂತ ಹೇಳುವ ಸಂಖ್ಯೆ. ಸೂತ್ರ `5000√fck`, ಇಲ್ಲಿ `fck` ಅಂದರೆ ಅದೇ ಗ್ರೇಡ್, ಮೆಗಾಪಾಸ್ಕಲ್‌ನಲ್ಲೇ ಇರಬೇಕು. ಮಾಮೂಲಿ ಕಾಂಕ್ರೀಟಿಗೆ ಇದು 20,000ದಿಂದ 30,000ದ ಆಸುಪಾಸು ಬರುತ್ತದೆ. ಅವನ ರಿಪೋರ್ಟಿನಲ್ಲಿ 61,000 ಇತ್ತು. ನಾನು ಎಡವಿ ಕಣ್ಣು ಬಿಟ್ಟದ್ದೇ ಅಲ್ಲಿ. ಸರಿಯಾಗಿ ಹಾಕಿದ ಮೇಲೆ 19,000 ಚಿಲ್ಲರೆ ಬಂತು.

ಹಾಗಂತ 14.7 ಆ ಮನೆಯ ಇವತ್ತಿನ ಬಲ ಅಲ್ಲ, ಅಲ್ವಾ? ಅದು ಕಾಗದದ ಮೇಲಿನ ಬಲ. ಇವತ್ತಿನ ಕೋಡ್ ಪ್ರಕಾರ ಕರಾವಳಿಯ ಹವೆಗೆ ಆರ್‌ಸಿಸಿ ಕನಿಷ್ಠ ಎಂ 30 ಇರಬೇಕು. ಐವತ್ತು ಮಳೆಗಾಲ ಕಂಡ ಆ ಪಿಲ್ಲರಿನ ಬುಡದಲ್ಲಿ ಕಂಬಿ ಉಬ್ಬಿ ಸಿಮೆಂಟು ಹಪ್ಪಳದ ಹಾಗೆ ಎದ್ದಿತ್ತು. ಪಿಲ್ಲರಿನಿಂದ ಕಾಂಕ್ರೀಟಿನ ತುಂಡು ಕೊರೆದು ಲ್ಯಾಬಿಗೆ ಕಳಿಸೋಣ, ಅಲ್ಲಿಯವರೆಗೆ ಮಹಡಿ ಮಾತು ಬೇಡ ಅಂದೆ.

ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗಾದ್ರೆ ಮೇಲೆ ಬರೀ ಶೀಟು ಹಾಕಬಹುದಾ ಮಾರಾಯ್ರೆ?"