ಪಾಸ್‌ಬುಕ್ಕಿನಲ್ಲಿ ಎರಡು ಇಪ್ಪತ್ತು

ನಮಸ್ಕಾರ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೇಳುತ್ತಿರುವ ಎಲ್ಲರಿಗೂ. ಪಾಸ್‌ಬುಕ್ ಹತ್ತಿರ ಇದ್ದರೆ ತೆಗೆದುಕೊಳ್ಳಿ. ಇವತ್ತು ನಾನು ಹೇಳುವುದು ಒಂದೇ ಮಾತು. ಗೊತ್ತಿಲ್ಲದ ಚಿಕ್ಕ ಮೊತ್ತ ಕಡಿತವಾಗಿದ್ದರೆ ಮೊದಲು ಅದನ್ನು 1.18ರಿಂದ ಭಾಗಿಸಿ. ಆಮೇಲೆ ಪಕ್ಕದ ವಿವರ ಓದಿ.

ಯಾಕೆ 1.18? ಬ್ಯಾಂಕ್ ತನ್ನ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿಸುತ್ತದೆ. ಭಾಗಿಸಿದಾಗ 15, 20, 200 ಹೀಗೆ ಸರಿಯಾದ ಸಂಖ್ಯೆ ಬಂದರೆ ಅದು ಹೆಚ್ಚಾಗಿ ಬ್ಯಾಂಕಿನದೇ ಶುಲ್ಕ. 17 ರೂಪಾಯಿ 70 ಪೈಸೆ ಅಂದರೆ 15 ರೂಪಾಯಿ ಮತ್ತು ತೆರಿಗೆ. ಎಸ್‌ಎಂಎಸ್ ಶುಲ್ಕ ಹೀಗೆಯೇ ಬರುತ್ತದೆ.

ಪೆರ್ಲದ ಕಡೆಯ ಒಬ್ಬ ಅಕ್ಕ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬಂದರು. ಅಡಿಕೆ ಸುಲಿಯುವ ಕೆಲಸ ಅವರದು. "ಅಣ್ಣಾ, ಯಾರೋ ನನ್ನ ದುಡ್ಡು ಕದಿಯುತ್ತಿದ್ದಾರೆ" ಅಂದರು. ಖಾತೆಯಲ್ಲಿ 510 ರೂಪಾಯಿ ಇತ್ತು. ಮೇ 27ಕ್ಕೆ 20 ಹೋಗಿದೆ. ಎರಡು ದಿನ ಬಿಟ್ಟು 23.60 ಹೋಗಿದೆ.

ಎರಡನೆಯದನ್ನು ಮೊದಲು ನೋಡಿದೆವು. 23.60ನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 20. ಹಾಗಾದರೆ ಬ್ಯಾಂಕಿನ ಶುಲ್ಕ. ಪಕ್ಕದಲ್ಲಿ `ATM`, `DECL`, `CHG` ಅಂತ ಅಕ್ಷರಗಳು. ಯಂತ್ರ ಹಣ ಕೊಡದೆ ನಿರಾಕರಿಸಿದ್ದಕ್ಕೆ ಶುಲ್ಕ. "ಯಾರಾದರೂ ಕಾರ್ಡ್ ಹಾಕಿದ್ದರಾ ಅಕ್ಕಾ?" ಕೇಳಿದೆ. ಮೊಮ್ಮಗ ಬದಿಯಡ್ಕದಲ್ಲಿ 500 ತೆಗೆಯಲು ಹೋಗಿದ್ದನಂತೆ, ಬರಲಿಲ್ಲವಂತೆ. ಹೇಗೆ ಬರುತ್ತದೆ? ಮೊದಲೇ 20 ಹೋಗಿ 490 ಉಳಿದಿತ್ತು!

ಹಾಗಾದರೆ ಆ ಮೊದಲ 20 ಯಾವುದು? ಭಾಗಿಸಿದರೆ 16.95, ಅರ್ಥವಿಲ್ಲದ ಸಂಖ್ಯೆ. ಬ್ಯಾಂಕಿನ ಶುಲ್ಕವಲ್ಲ. ವಿವರದಲ್ಲಿ `PMSBY` ಇತ್ತು. ಅದು ಸುರಕ್ಷಾ ಬಿಮಾ ಯೋಜನೆ, ಎರಡು ಲಕ್ಷದ ಅಪಘಾತ ವಿಮೆ. ವರ್ಷಕ್ಕೊಮ್ಮೆ ಮೇ ಕೊನೆಯಲ್ಲಿ ಕಡಿತವಾಗುತ್ತದೆ. ಯಾವಾಗಲೋ ಸಹಿ ಹಾಕಿದ್ದು ಅವರಿಗೆ ಮರೆತೇ ಹೋಗಿತ್ತು. ಅವರ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ ತರಿಸಿದೆ. ಅಲ್ಲೂ ಅದೇ 20! ಎರಡು ಕಡೆ ಕಟ್ಟಿದರೂ ಸಿಗುವುದು ಎರಡೇ ಲಕ್ಷ, ಇನ್ನೊಂದು 20 ಸುಮ್ನೆ ದಂಡ. ಒಂದು ಶಾಖೆಗೆ ನಿಲ್ಲಿಸಿ ಅಂತ ಪತ್ರ ಬರೆದುಕೊಟ್ಟೆವು. ಮೇ ಕಡಿತಕ್ಕೆ ಮೊದಲೇ ಕೊಡಬೇಕು, ಆಮೇಲೆ ಕೊಟ್ಟರೆ ಆ ವರ್ಷದ್ದು ಹೋಯಿತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. `ACH` ಅಥವಾ `NACH` ಇದ್ದರೆ ನೀವು ಒಪ್ಪಿಗೆ ಕೊಟ್ಟ ಕಂತು ಅಥವಾ ವಿಮೆ. `UPI` ಇದ್ದರೆ ಮುಂದಿನ ಹೆಸರು ನೋಡಿ, ಫೋನಿನ ಆ್ಯಪ್‌ನಲ್ಲಿ ಅದೇ ದಿನದ ಪಾವತಿಯ ಜೊತೆ ತಾಳೆ ಹಾಕಿ. ಮನೆಯವರನ್ನೂ ಕೇಳಿ, ದಯವಿಟ್ಟು. ಹತ್ತರಲ್ಲಿ ಒಂಬತ್ತು ಸಲ ಮಕ್ಕಳಿಗೆ ಗೊತ್ತಿರುತ್ತದೆ.

ಭಾಗಿಸಿಯೂ ಓದಿಯೂ ಯಾರದೆಂದು ತಿಳಿಯದಿದ್ದರೆ ಮೊತ್ತ ಚಿಕ್ಕದು ಅಂತ ಬಿಡಬೇಡಿ. ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ಬರೆದುಕೊಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮೋಸ ಅನ್ನಿಸಿದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ನಮಸ್ಕಾರ.